ಹದಿನಾಲ್ಕು ನಿಮಿಷಗಳ ಮಾತು

ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಘದ ಹಿರಿಯರು ಹೇಳಿದಾಗ ನಾನು ಮೊದಲು ಹಿಂಜರಿದೆ. ನಾನು ಸಾಹಿತಿಯಲ್ಲ, ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿ ದುಡಿಯುವವಳು. ಕವಿಗೋಷ್ಠಿ, ವಿಚಾರಗೋಷ್ಠಿಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವುದಷ್ಟೇ ನನಗೆ ಬಲ್ಲ ಸಾಹಿತ್ಯಸೇವೆ. ಆದರೆ ಅವರು ಬಿಡಲಿಲ್ಲ. "ನೀವು ಆ ಇಂಗ್ಲಿಷ್ ಪರೀಕ್ಷೆ ಬರೆದಿರಲ್ಲ, ಅದನ್ನೇ ಬರೆಯಿರಿ. ನಮ್ಮ ಹುಡುಗರು ಈಗ ಅದಕ್ಕೇ ಹೆದರುತ್ತಾರೆ" ಎಂದರು. ಅವರ ಮಾತು ನಿಜ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಮನೆಗಳಿಂದ ನರ್ಸಿಂಗ್, ಫಾರ್ಮಸಿ, ಎಂಜಿನಿಯರಿಂಗ್ ಓದಿದ ಮಕ್ಕಳು ಹೊರದೇಶಕ್ಕೆ ಹೋಗುವ ಆಸೆಯಿಂದ ಐಇಎಲ್‌ಟಿಎಸ್ ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದಾರೆ. ಅವರಲ್ಲಿ ಹಲವರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ವ್ಯಾಕರಣದ ಕುರಿತಲ್ಲ, "ಅಕ್ಕಾ, ಅವತ್ತು ಎದೆ ಹೊಡಕೊಂಡರ ಏನ ಮಾಡೂದು?" ಎಂಬುದು.

ನಾನು ಆ ಪರೀಕ್ಷೆಗೆ ಎರಡು ಬಾರಿ ಕುಳಿತವಳು. ಮೊದಲ ಬಾರಿ ಸೋತೆ. ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಮಂಡಳಿ ಓದುವುದು, ಕೇಳುವುದು, ಮಾತನಾಡುವುದು ಈ ಮೂರರಲ್ಲಿ 7 ಅಂಕವನ್ನೂ ಬರೆಯುವುದರಲ್ಲಿ 6.5 ಅಂಕವನ್ನೂ ಕೇಳುತ್ತದೆ. ಪರೀಕ್ಷೆಯ ಅತ್ಯುನ್ನತ ಅಂಕ 9. ಉಳಿದ ಮೂರು ನನಗೆ ದಕ್ಕಿದ್ದವು. ಮಾತಿನಲ್ಲಿ ಮಾತ್ರ 6 ಬಂದಿತು. ದಿನವಿಡೀ ರೋಗಿಗಳೊಡನೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಮಾತನಾಡುತ್ತ ಬದುಕುವವಳು ಮಾತಿನಲ್ಲೇ ಬಿದ್ದೆನೆಂಬುದು ನನಗೆ ಬಹಳ ದಿನ ನಾಚಿಕೆಯ ಸಂಗತಿಯಾಗಿತ್ತು.

ಆ ದಿನ ಏನಾಯಿತೆಂಬುದನ್ನು ಮೊದಲಿನಿಂದ ಹೇಳಬೇಕು. ಪರೀಕ್ಷಾ ಕೇಂದ್ರ ಪುಣೆಯಲ್ಲಿತ್ತು. ಸೊಲ್ಲಾಪುರದಿಂದ ಸುಮಾರು 250 ಕಿಲೋಮೀಟರು. ರಜೆ ಉಳಿಸುವ ದುರಾಸೆಯಿಂದ ಸಂಜೆಯ ಪಾಳಿ ಮುಗಿಸಿ ರಾತ್ರಿಯ ರೈಲು ಹತ್ತಿದೆ. ಕುರ್ಡುವಾಡಿ ದಾಟುವವರೆಗೆ ಚೀಲದ ಬಾಯಿ ಬಿಚ್ಚಿ ಪಾಸ್‌ಪೋರ್ಟ್ ಇದೆಯೇ ಎಂದು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ಗುರುತಿನ ದಾಖಲೆಯೆಂದರೆ ಅವಧಿ ಮುಗಿಯದ ಮೂಲ ಪಾಸ್‌ಪೋರ್ಟ್ ಒಂದೇ. ಆಧಾರ್ ನಡೆಯದು, ನೆರಳಚ್ಚು ನಡೆಯದು. ಇದು ಗೊತ್ತಿದ್ದರಿಂದಲೇ ಭಯ. ಅಂದು ರಾತ್ರಿ ನಿದ್ರೆ ಬರಲಿಲ್ಲ.

ಕೇಂದ್ರದ ಬಾಗಿಲಲ್ಲಿ ಪಾಸ್‌ಪೋರ್ಟ್ ತೆಗೆದುಕೊಂಡ ಹುಡುಗಿ ಚಿತ್ರವನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿದಳು. ಚಿತ್ರ ತೆಗೆಸಿದಾಗ ನನಗೆ ಕನ್ನಡಕ ಇರಲಿಲ್ಲ. ಅಷ್ಟಕ್ಕೇ ನನ್ನ ಅಂಗೈ ಬೆವರಿತು. ಮುಂದೆ ಭಾವಚಿತ್ರ ತೆಗೆದು ಬೆರಳಚ್ಚು ತೆಗೆದುಕೊಳ್ಳುವ ಮೇಜು. ಅಲ್ಲಿ ನನ್ನ ಬೆರಳು ಹಿಡಿಯಲೇ ಇಲ್ಲ. ಒಮ್ಮೆ ಒತ್ತಿದೆ, ಯಂತ್ರ ಒಪ್ಪಲಿಲ್ಲ. ಒರೆಸಿ ಒತ್ತಿದೆ, ಒಪ್ಪಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಶುಶ್ರೂಷಕಿಯರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಐವತ್ತು ಸಲ ಸಾಬೂನು, ಸ್ಯಾನಿಟೈಸರು ಕಂಡ ಬೆರಳ ತುದಿ ಒಣಗಿ ಗೆರೆ ಸವೆದಿರುತ್ತದೆ. ನಾಲ್ಕನೆಯ ಸಲಕ್ಕೆ ಹಿಡಿಯಿತು. ಒಟ್ಟು ಎರಡು ನಿಮಿಷದ ತೊಡಕು, ಆದರೆ ಆ ಎರಡು ನಿಮಿಷಗಳಲ್ಲಿ ನನ್ನ ಎದೆಬಡಿತ ಏರಿದ್ದು ಮಧ್ಯಾಹ್ನದವರೆಗೂ ಇಳಿಯಲಿಲ್ಲ.

ಕೇಳುವ, ಓದುವ, ಬರೆಯುವ ಮೂರು ಭಾಗಗಳು ಬಿಡುವಿಲ್ಲದೆ ಸುಮಾರು ಎರಡೂಮುಕ್ಕಾಲು ಗಂಟೆ ನಡೆದವು. ಗಣಕಯಂತ್ರದ ಮುಂದೆ ಒಬ್ಬಳೇ ಕುಳಿತು ಮಾಡುವ ಕೆಲಸವಾದ್ದರಿಂದ ಅಲ್ಲಿ ಭಯ ತಾನಾಗಿ ಹಿಂದೆ ಸರಿಯಿತು. ಮಾತಿನ ಪರೀಕ್ಷೆ ಸಂಜೆ ನಾಲ್ಕಕ್ಕೆ. ನಡುವಿನ ಆ ಎರಡು ಗಂಟೆ ನನ್ನನ್ನು ಕೆಡಿಸಿತು. ಹೊರಗೆ ಕಟ್ಟೆಯ ಮೇಲೆ ಕುಳಿತವರೆಲ್ಲ ಮುಗಿದ ಪ್ರಶ್ನೆಗಳ ಉತ್ತರ ಕೂಡಿಸಿ ನೋಡುತ್ತಿದ್ದರು. ನನ್ನ ಎರಡು ಉತ್ತರ ತಪ್ಪೆಂದು ತಿಳಿಯಿತು. ತಿಳಿದು ಆದ ಲಾಭವೇನು? ಕೋಣೆಗೆ ಹೋಗುವ ಹೊತ್ತಿಗೆ ನಾಲಗೆ ಒಣಗಿ ಅಂಗುಳಿಗೆ ಅಂಟಿತ್ತು.

ಮಾತಿನ ಪರೀಕ್ಷೆಯ ಸ್ವರೂಪ ಅರಿಯದವರಿಗಾಗಿ ಎರಡು ಮಾತು. ಅದು ಹನ್ನೊಂದರಿಂದ ಹದಿನಾಲ್ಕು ನಿಮಿಷ ನಡೆಯುತ್ತದೆ. ಎದುರಿಗೆ ಒಬ್ಬರೇ ಪರೀಕ್ಷಕರು, ಮಾತೆಲ್ಲ ಧ್ವನಿಮುದ್ರಣವಾಗುತ್ತದೆ. ಮೊದಲ ನಾಲ್ಕೈದು ನಿಮಿಷ ಮನೆ, ಊರು, ಕೆಲಸ, ಹವ್ಯಾಸಗಳಂಥ ಪರಿಚಿತ ವಿಷಯಗಳ ಸಣ್ಣ ಪ್ರಶ್ನೆಗಳು. ಬಳಿಕ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿರುವ ವಿಷಯದ ಮೇಲೆ ಒಂದು ನಿಮಿಷ ಯೋಚಿಸಿ ಟಿಪ್ಪಣಿ ಮಾಡಿಕೊಂಡು ಒಂದರಿಂದ ಎರಡು ನಿಮಿಷ ನಾವೇ ಮಾತನಾಡಬೇಕು. ಕೊನೆಯ ನಾಲ್ಕೈದು ನಿಮಿಷ ಅದೇ ವಿಷಯಕ್ಕೆ ಹೊಂದಿದ, ತುಸು ಆಳವಾದ ಚರ್ಚೆ.

ನನಗೆ ಬಂದ ಚೀಟಿ ನೀರಿನ ಬಳಿಯ ಒಂದು ಸ್ಥಳವನ್ನು ವರ್ಣಿಸಬೇಕೆಂದಿತ್ತು. ನೀರು! ಬೇಸಿಗೆಯಲ್ಲಿ ಟ್ಯಾಂಕರ್ ಬರುವ ದಾರಿ ಕಾಯ್ದ ಊರಿನವಳಿಗೆ ನೀರಿನ ಬಳಿಯ ಸ್ಥಳ! ಒಂದು ಕ್ಷಣ ತಲೆಯೆಲ್ಲ ಖಾಲಿಯಾಯಿತು. ಆಮೇಲೆ ನಮ್ಮ ಸಿದ್ಧೇಶ್ವರ ಕೆರೆ ನೆನಪಾಯಿತು. ನಡುವೆ ಗುಡಿ, ಸುತ್ತ ನೀರು, ಸಂಕ್ರಾಂತಿಯ ಜಾತ್ರೆಯ ಗದ್ದಲ ಎಲ್ಲವೂ ಕಣ್ಣ ಮುಂದೆ ಬಂದವು. ಆದರೆ ಬಂದದ್ದು ಕನ್ನಡದಲ್ಲಿ. ಕಾಗದದ ಮೇಲೆ ಗುಡಿ, ಕೆರೆ, ಮೆಟ್ಟಿಲು, ಜಾತ್ರೆ ಎಂದು ಹೆಸರುಗಳನ್ನಷ್ಟೇ ಬರೆದುಕೊಂಡೆ. ಮಾತು ಶುರುವಾದಾಗ ಒಂದು ಹೆಸರು ಹೇಳುವೆ, ಮುಂದಿನ ಕ್ರಿಯಾಪದ ಸಿಗದೆ ನಿಲ್ಲುವೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಯಾರು, ಎಲ್ಲಿ, ಯಾವಾಗ ಎಂದು ಹೇಳುತ್ತ ಅದನ್ನು ಹುಡುಕಲು ನಮಗೆ ಪುರಸೊತ್ತಿರುತ್ತದೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ನಿಂತಿರಬೇಕು. ಕನ್ನಡದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ ತಿರುಗಿಸ ಹೊರಟವರು ಎರಡನೆಯ ಪದಕ್ಕೇ ಮುಗ್ಗರಿಸುವುದು ಈ ಕಾರಣಕ್ಕೆ. ನಲವತ್ತು ಸೆಕೆಂಡಿನಷ್ಟು ಮಾತನಾಡಿ ನಾನು ನಿಂತುಬಿಟ್ಟೆ.

ಅಷ್ಟಾದರೂ ಆಟ ಮುಗಿದಿರಲಿಲ್ಲ ಎಂಬುದು ಈಗ ತಿಳಿಯುತ್ತದೆ. ಆಗ ತಿಳಿಯಲಿಲ್ಲ. ಪರೀಕ್ಷಕರ ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಅದನ್ನು ನಾನು ತಿರಸ್ಕಾರವೆಂದು ಓದಿಕೊಂಡೆ. ನಿಜಕ್ಕೂ ಅವರು ಹೊಗಳಬಾರದು, ತೆಗಳಬಾರದು, ಅಂಕದ ಸುಳಿವು ಕೊಡಬಾರದು. ಅದು ಅವರ ಕೆಲಸದ ನಿಯಮ. ಚರ್ಚೆಯ ಭಾಗದಲ್ಲಿ ಅವರು ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು. ಪ್ರವಾಸಿಗರಿಂದ ಕೆರೆ, ನದಿಗಳಿಗೆ ಆಗುವ ಕೇಡಿನ ಬಗ್ಗೆ ಒಂದು ಪ್ರಶ್ನೆಯಿತ್ತು. ಆ ವಿಷಯದಲ್ಲಿ ನಾನು ಹತ್ತು ನಿಮಿಷ ಮಾತನಾಡಬಲ್ಲವಳು. ಆದರೆ ನನ್ನ ಮನಸ್ಸು ಇನ್ನೂ ಚೀಟಿಯ ಮುಂದೆಯೇ ಕುಳಿತಿತ್ತು. ಒಂದೊಂದು ಪ್ರಶ್ನೆಗೆ ಒಂದೊಂದು ಸಾಲು ಹೇಳಿ ಎದ್ದು ಬಂದೆ.

ಅಂಕ ಬಂದ ಮೇಲೆ ಹಟದಿಂದ ಕುಳಿತು ಆ ಪರೀಕ್ಷೆಯವರು ಎಲ್ಲರಿಗಾಗಿ ಪ್ರಕಟಿಸಿರುವ ಅಂಕ ನೀಡಿಕೆಯ ಮಾನದಂಡವನ್ನು ಓದಿದೆ. ಮೊದಲೇ ಓದಬೇಕಿತ್ತು. ಅಂಕ ಪ್ರತಿ ಉತ್ತರಕ್ಕೆ ಬೇರೆಬೇರೆಯಾಗಿ ಇಲ್ಲ. ಇಡೀ ಹದಿನಾಲ್ಕು ನಿಮಿಷಗಳ ಮಾತನ್ನು ಒಟ್ಟಾಗಿ ಕೇಳಿ ನಾಲ್ಕು ವಿಷಯ ನೋಡುತ್ತಾರೆ: ಮಾತಿನ ಓಟ ಮತ್ತು ಜೋಡಣೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ನಾವು ಹೇಳಿದ ಸಂಗತಿ ಸರಿಯೇ, ಅಭಿಪ್ರಾಯ ಒಪ್ಪುವಂಥದೇ ಎಂಬುದಕ್ಕೆ ಅಂಕವೇ ಇಲ್ಲ. ಉಚ್ಚಾರಣೆಯಲ್ಲೂ ನಮ್ಮ ಸೀಮೆಯ ಧಾಟಿ ಇರಬಾರದೆಂದಿಲ್ಲ, ಕೇಳುವವರಿಗೆ ತಿಳಿಯಬೇಕು ಅಷ್ಟೇ. ಎಲ್ಲಕ್ಕಿಂತ ನನ್ನ ಕಣ್ಣು ತೆರೆಸಿದ್ದು ಇದು: 7 ಅಂಕದವರ ವಿವರಣೆಯಲ್ಲಿಯೂ ತಡವರಿಕೆ, ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುವುದು ಅಷ್ಟಿಷ್ಟು ಇರಬಹುದೆಂದು ಬರೆದಿದೆ. ತಡವರಿಸಿದರೂ ಅವರು ಮಾತು ಮುಂದುವರಿಸುತ್ತಾರೆ, ಜೋಡಣೆ ಕಳಚುವುದಿಲ್ಲ. 6ಕ್ಕೂ 7ಕ್ಕೂ ನಡುವಿನ ಅಂತರದಲ್ಲಿ ಅದು ದೊಡ್ಡ ಪಾಲು. ಹಾಗಾದರೆ ನನ್ನನ್ನು ಕೆಡಿಸಿದ್ದು ಕೆರೆಯ ಉತ್ತರವೊಂದೇ ಅಲ್ಲ. ಅದಾದ ಮೇಲೆ ನಾನು ಮೌನವಾಗಿ ಅದಕ್ಕಾಗಿ ಅತ್ತ ಐದು ನಿಮಿಷ.

ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಸೊಲ್ಲಾಪುರದ ಚಾದರದ ಮಗ್ಗಗಳಲ್ಲಿ ಮೂವತ್ತು ವರ್ಷ ದುಡಿದವರು, ಇಂಗ್ಲಿಷ್ ಬಾರದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಳಿ ಹರಿದರ ನಾವು ನೇಯ್ದ ಬಟ್ಟಿ ಬಿಚ್ಚೂದಿಲ್ಲವ್ವಾ. ಮಗ್ಗ ನಿಲ್ಲಸ್ತೀವಿ, ಗಂಟ ಹಾಕ್ತೀವಿ, ಮತ್ತ ಬಿಡ್ತೀವಿ. ಹರಿದದ್ದು ನೋಡದs ಓಡಿಸಿದರ ಮಾತ್ರ ಚಾದರ ಕೆಡತದ" ಎಂದರು. ನಾನು ಬಿದ್ದದ್ದು ಒಂದು ಕಡೆ, ಗಂಟು ಹಾಕದೆ ಓಡಿಸಿದ್ದು ಇನ್ನೊಂದು ಕಡೆ ಎಂದು ಅರ್ಥವಾಯಿತು.

ಎರಡನೆಯ ಬಾರಿಗೆ ನಾನು ಇಂಗ್ಲಿಷನ್ನು ಹೆಚ್ಚು ಓದಲಿಲ್ಲ. ಗಂಟು ಹಾಕುವುದನ್ನು ಕಲಿತೆ. ರಾತ್ರಿ ಊಟವಾದ ಮೇಲೆ ತಮ್ಮ ಗಡಿಯಾರ ಹಿಡಿದು ಪ್ರಶ್ನೆ ಕೇಳುತ್ತಿದ್ದ. ಬೇಕೆಂದೇ ನನಗೆ ಬಾರದ ವಿಷಯ ಕೊಡುತ್ತಿದ್ದ, ನಡುವೆ ಮಾತು ಕತ್ತರಿಸುತ್ತಿದ್ದ, ಮುಖ ಕಲ್ಲು ಮಾಡಿಕೊಂಡು ಕೂರುತ್ತಿದ್ದ. ಕೊನೆಯದು ಅವನಿಗೆ ಬಹಳ ಕಷ್ಟವಾಯಿತು. ಉತ್ತರ ಕೆಟ್ಟಿತೆಂದು ಅನಿಸಿದ ಕೂಡಲೇ ನಾನು ಮಾಡಬೇಕಾದದ್ದು ಇಷ್ಟೇ: ವಾಕ್ಯ ಅರ್ಧಕ್ಕೆ ನಿಂತಿದ್ದರೆ "ಲೆಟ್ ಮಿ ಪುಟ್ ಇಟ್ ಅನದರ್ ವೇ" ಎಂದು ಹೇಳಿ ಚಿಕ್ಕ ವಾಕ್ಯದಿಂದ ಮತ್ತೆ ಶುರುಮಾಡುವುದು, ಪ್ರಶ್ನೆ ಕೇಳಿಸದಿದ್ದರೆ ಊಹಿಸದೆ ಇನ್ನೊಮ್ಮೆ ಕೇಳುವುದು, ಉತ್ತರ ಮುಗಿದೇಹೋಗಿದ್ದರೆ ಒಂದು ಉಸಿರು ಹೊರಗೆ ಬಿಟ್ಟು ಮುಂದಿನ ಪ್ರಶ್ನೆಯ ಮೊದಲ ಪದವನ್ನು ಕಿವಿಯಲ್ಲಿ ಹಿಡಿಯುವುದು. ಮೂರನೆಯದೇ ಕಠಿಣ. ಕೆಟ್ಟ ಉತ್ತರಕ್ಕೆ ಮನಸ್ಸು ಹಿಂದಿರುಗಿ ಹೋಗುವುದನ್ನು ನಿಲ್ಲಿಸಲಾಗದು. ಆದರೆ ಮುಂದಿನ ಪ್ರಶ್ನೆಯ ಒಂದು ಪದವನ್ನು ಬಾಯಲ್ಲಿ ಎತ್ತಿಕೊಂಡು ಅದರಿಂದಲೇ ಉತ್ತರ ಶುರುಮಾಡಿದರೆ ಮನಸ್ಸು ಅದರ ಹಿಂದೆ ಬರುತ್ತದೆ. ಚೀಟಿಯ ಒಂದು ನಿಮಿಷದಲ್ಲಿ ಹೆಸರುಗಳ ಬದಲು ಕ್ರಿಯಾಪದಗಳನ್ನು ಬರೆದುಕೊಳ್ಳುವ ರೂಢಿಯನ್ನೂ ಮಾಡಿದೆ. ಹೋದೆ, ಕಂಡೆ, ಕೇಳಿದೆ, ಹೆದರಿದೆ, ತಿಳಿಯಿತು. ಐದು ಕ್ರಿಯಾಪದವಿದ್ದರೆ ಎರಡು ನಿಮಿಷ ತುಂಬುತ್ತದೆ.

ದಾಖಲೆಯ ಭಯಕ್ಕೆ ಮದ್ದು ಬೇರೆ. ಅದು ಪರೀಕ್ಷೆಯ ದಿನ ಇಳಿಸುವಂಥದ್ದಲ್ಲ, ವಾರದ ಮೊದಲೇ ಮುಗಿಸುವಂಥದ್ದು. ಕೇಂದ್ರದಿಂದ ಬಂದ ಇಮೇಲನ್ನು ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಬೆರಳಿಟ್ಟು ಓದಿದೆ. ಹೆಸರಿನಲ್ಲಿ ಒಂದು ಎಚ್ ಅಕ್ಷರ ಬಿಟ್ಟುಹೋಗಿತ್ತು! ಅರ್ಜಿ ತುಂಬುವಾಗ ನಾನೇ ಮಾಡಿದ ತಪ್ಪು. ಆ ದಿನವೇ ಪಾಸ್‌ಪೋರ್ಟಿನ ಪ್ರತಿಯೊಡನೆ ಕೇಂದ್ರಕ್ಕೆ ಬರೆದೆ, ಸರಿಪಡಿಸಿದರು. ಮಹಾರಾಷ್ಟ್ರದಲ್ಲಿ ಓದಿದ ಕನ್ನಡಿಗರಿಗೆ ಈ ತೊಡಕು ಹೆಚ್ಚು. ನಮ್ಮ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನಮ್ಮ ಹೆಸರು, ಆಮೇಲೆ ತಂದೆಯ ಹೆಸರು. ಮದುವೆಯಾದವರಲ್ಲಿ ಕೆಲವರ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಅರ್ಜಿಯಲ್ಲಿ ಬರೆಯಬೇಕಾದದ್ದು ಅಂಕಪಟ್ಟಿಯಂತೆಯೂ ಅಲ್ಲ, ಆಧಾರಿನಂತೆಯೂ ಅಲ್ಲ, ಪಾಸ್‌ಪೋರ್ಟಿನಲ್ಲಿ ಇರುವಂತೆ. ನಡುವೆ ಪಾಸ್‌ಪೋರ್ಟ್ ನವೀಕರಿಸಿದವರು ಹೊಸ ಪುಸ್ತಕಕ್ಕೆ ಹೊಸ ಸಂಖ್ಯೆ ಬಂದಿರುತ್ತದೆಂಬುದನ್ನು ಮರೆಯಬಾರದು. ಅರ್ಜಿಯಲ್ಲಿರುವುದು ಹಳೆಯ ಸಂಖ್ಯೆಯಾದರೆ ಕೇಂದ್ರಕ್ಕೆ ಮೊದಲೇ ತಿಳಿಸಬೇಕು.

ಪರಿಶೀಲಿಸಿದ ಪಾಸ್‌ಪೋರ್ಟನ್ನು ಒಂದು ಕೈಚೀಲದಲ್ಲಿ ಹಾಕಿ ಜಿಪ್ ಎಳೆದು ಅವ್ವನ ಕೈಗೆ ಕೊಟ್ಟೆ. ಅವ್ವ ನನ್ನೊಡನೆ ಬಂದಿದ್ದಳು. "ಇನ್ನ ನೀ ಕೇಳಬ್ಯಾಡ, ನಾ ತೆರೆಯೂದಿಲ್ಲ" ಎಂದಳು. ಹಿಂದಿನ ದಿನವೇ ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ಸಿನಲ್ಲಿ ಪುಣೆ ತಲುಪಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಕೇಂದ್ರದ ಬಾಗಿಲವರೆಗೆ ಸಂಜೆ ಒಮ್ಮೆ ನಡೆದು ಬಂದೆ. ಮೂರು ದಿನ ರಾತ್ರಿ ಬೆರಳ ತುದಿಗೆ ಕೊಬ್ಬರಿ ಎಣ್ಣೆ ಸವರಿದ್ದೆ. ಪರೀಕ್ಷೆಯ ಬೆಳಗ್ಗೆ ಮಾತ್ರ ಎಣ್ಣೆ ಮುಟ್ಟದೆ ಕೈ ತೊಳೆದು ಒರೆಸಿಕೊಂಡೆ. ಬೆರಳಚ್ಚು ಒಂದೇ ಸಲಕ್ಕೆ ಹಿಡಿಯಿತು. ನಗಬೇಡಿ, ಆ ಕ್ಷಣ ನನಗೆ ಅರ್ಧ ಪರೀಕ್ಷೆ ಗೆದ್ದಂತಾಯಿತು.

ಹೊಟ್ಟೆಯ ವಿಷಯದಲ್ಲಿ ಹೊಸ ಪ್ರಯೋಗ ಮಾಡಲಿಲ್ಲ. ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಚಹಾ ದಿನಕ್ಕೆಷ್ಟೋ ಅಷ್ಟೇ. ಎಚ್ಚರವಿರಲೆಂದು ಎರಡು ಲೋಟ ಹೆಚ್ಚು ಕುಡಿದರೆ ಎದೆಬಡಿತ ಏರುತ್ತದೆ, ಏರಿದ ಎದೆಬಡಿತವನ್ನು ನಾವು ಭಯವೆಂದು ತಿಳಿಯುತ್ತೇವೆ.

ಮಧ್ಯಾಹ್ನದ ಬಿಡುವಿನಲ್ಲಿ ಉತ್ತರ ಕೂಡಿಸುವವರಿಂದ ದೂರ ಒಂದು ಮರದ ಕೆಳಗೆ ಕುಳಿತು ನಾಡಿ ಹಿಡಿದು ನೋಡಿದೆ. 108 ಇತ್ತು. ಶಸ್ತ್ರಚಿಕಿತ್ಸೆಗೆ ಹೋಗುವ ರೋಗಿಗಳಿಗೆ ನಾನೇ ಹೇಳಿಕೊಡುವ ಕ್ರಮವನ್ನು ಮಾಡಿದೆ: ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರೆಳೆದು, ಆರು ಎಣಿಸುತ್ತ ನಿಧಾನ ಬಿಡುವುದು. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿ ತುಸು ನಿಧಾನವಾಗುತ್ತದೆ. ಬಿಡುವ ಕಾಲವನ್ನು ಉದ್ದ ಮಾಡಿದರೆ ಆ ಲಾಭವೂ ಉದ್ದವಾಗುತ್ತದೆ. ಐದು ನಿಮಿಷದ ಮೇಲೆ ನಾಡಿ 90ಕ್ಕೆ ಇಳಿಯಿತು. ಪೂರ್ತಿ ಇಳಿಯಲಿಲ್ಲ, ಇಳಿಯಬೇಕಾಗಿಯೂ ಇಲ್ಲ. ರಾತ್ರಿ ನಿದ್ರೆಗೆಟ್ಟಿದ್ದರೆ ಈ ಉಸಿರಾಟ ಏನನ್ನೂ ಮಾಡದೆಂಬುದೂ ನನಗೆ ಗೊತ್ತು. ಮೊದಲ ಸಲ ಕೂಡ ಇದನ್ನು ಮಾಡಿದ್ದೆ.

ಕೋಣೆಯಲ್ಲಿ ಎಲ್ಲ ಸುಗಮವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲ ಭಾಗದಲ್ಲೇ ಎಡವಿದೆ. ಪರೀಕ್ಷಕರು ನಾನು ಯೋಜನೆ ಹಾಕಿಕೊಳ್ಳುವ ರೀತಿಯ ಬಗ್ಗೆ ಕೇಳಿದರು. 'ಪ್ಲಾನ್ಸ್' ಎಂದದ್ದು ನನ್ನ ಕಿವಿಗೆ 'ಪ್ಲಾಂಟ್ಸ್' ಎಂದು ಬಿದ್ದಿತು. ನಮ್ಮ ಅಂಗಳದ ತುಳಸಿ, ದಾಸವಾಳ, ಅವ್ವ ಬೆಳೆಸಿದ ಕರಿಬೇವಿನ ಗಿಡಗಳನ್ನು ಉತ್ಸಾಹದಿಂದ ವರ್ಣಿಸಿದೆ. ಅವರು ನಗಲಿಲ್ಲ, ತಡೆಯಲಿಲ್ಲ. ಮುಂದಿನ ಪ್ರಶ್ನೆ ಓದಿದರು: ಯೋಜನೆ ಬದಲಾದರೆ ನಿಮಗೆ ಬೇಸರವಾಗುತ್ತದೆಯೇ? ಆಗ ಗೊತ್ತಾಯಿತು. ಕಿವಿಯವರೆಗೆ ಬಿಸಿಯೇರಿತು. ಮೊದಲ ಬಾರಿಯ ಕೆರೆ ಕಣ್ಣ ಮುಂದೆ ಬಂದು ನಿಂತಿತು. ಉಸಿರು ಬಿಟ್ಟೆ. "ಕ್ಷಮಿಸಿ, ಹಿಂದಿನ ಪ್ರಶ್ನೆಯನ್ನು ನಾನು ತಪ್ಪಾಗಿ ಕೇಳಿಸಿಕೊಂಡೆ" ಎಂದು ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದೆ. ಹಿಂದಿನದಕ್ಕೆ ಮತ್ತೆ ಉತ್ತರಿಸ ಹೋಗಲಿಲ್ಲ. ಬದಲಾದರೆ ಎಂಬ ಪದವನ್ನೇ ಹಿಡಿದು, ನರ್ಸ್ ಆದವಳ ಯೋಜನೆ ದಿನಕ್ಕೆ ಮೂರು ಸಲ ಬದಲಾಗುತ್ತದೆ, ರಾತ್ರಿ ಪಾಳಿಯೆಂದು ಮಲಗಿದವಳನ್ನು ಮಧ್ಯಾಹ್ನವೇ ಕರೆಯುತ್ತಾರೆ ಎಂದು ಹೇಳಿದೆ.

ಚೀಟಿಯ ಮಾತು ಎರಡು ನಿಮಿಷ ತುಂಬಿತು. ಇನ್ನೂ ಹೇಳುತ್ತಿರುವಾಗಲೇ ತಡೆದರು. ತಡೆದರೆಂದು ಹೆದರುವ ಮಕ್ಕಳಿಗೆ ಹೇಳುತ್ತೇನೆ, ಅದು ಹೊತ್ತು ಮುಗಿದುದರ ಗುರುತಷ್ಟೇ. ಚರ್ಚೆಯಲ್ಲಿ ಎರಡು ಕಡೆ ವಾಕ್ಯ ಹರಿಯಿತು. ಎರಡೂ ಸಲ ಬೇರೆ ರೀತಿಯಲ್ಲಿ ಹೇಳುತ್ತೇನೆಂದು ಚಿಕ್ಕದಾಗಿ ಶುರುಮಾಡಿದೆ. ಒಮ್ಮೆ ಪ್ರಶ್ನೆ ಅರ್ಥವಾಗಲಿಲ್ಲ, ಕೇಳಿದೆ. ಅವರು ಅದನ್ನು ಬೇರೆ ಮಾತುಗಳಲ್ಲಿ ಹೇಳಿದರು. ಹೊರಗೆ ಬಂದಾಗ ಅವ್ವ ಮೊದಲು ಕೇಳಿದ್ದು ಪಾಸ್‌ಪೋರ್ಟ್ ಎಲ್ಲಿ ಎಂದು.

ಕೆಲವು ದಿನಗಳ ಮೇಲೆ ರಾತ್ರಿ ಪಾಳಿಯಲ್ಲಿದ್ದಾಗ ಫಲಿತಾಂಶ ಬಂದಿತು. ಮಾತಿಗೆ 7, ಬರೆಹಕ್ಕೆ 6.5, ಉಳಿದೆರಡರಲ್ಲಿ 7.5. ಮೊದಲೆರಡರಲ್ಲಿ ಅರ್ಧ ಅಂಕವೂ ಹೆಚ್ಚುವರಿ ಉಳಿತಾಯವಿರಲಿಲ್ಲ, ಅಂಚಿನ ಮೇಲೆಯೇ ದಾಟಿದ್ದೆ. ಬೆಳಗ್ಗೆ ಮನೆಗೆ ಬಂದು ಹೇಳಿದಾಗ ಅಪ್ಪ ಕೇಳಿದರು:

"ಗಂಟ ಎಷ್ಟ ಬಿದ್ದೂವು?"

"ನಾಕ ಅಪ್ಪಾ" ಎಂದೆ.

"ನಾಕs?" ಎಂದು ಲೆಕ್ಕ ಹಾಕಿದವರಂತೆ ತಲೆದೂಗಿ, ಚಹಾ ಬಟ್ಟಲು ನನ್ನ ಕಡೆ ಸರಿಸಿದರು.